ಮುಗಿದ ವಿಷಯಗಳಲ್ಲಿ ಎರಡನೇ ಡ್ರೈಯರ್

ಆರು ತಿಂಗಳ ಜಗಳವನ್ನು ಎರಡು ಗೆರೆ ಎಳೆದು ಗೋಡೆಯ ಪರದೆಯ ಮೇಲೆ ತೋರಿಸಿದರೆ ಯಾರಿಗಾದರೂ ಮೈ ಉರಿಯುತ್ತದೆ. ಮೆಣಸಕ್ಕನಿಗೆ ಉರಿಯಲು ಅಷ್ಟೆಲ್ಲ ಬೇಕಾಗಿಯೂ ಇರಲಿಲ್ಲ. ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಅವಳು ಹಗಲು ಪಾಳಿಯ ಮೇಲ್ವಿಚಾರಕಿ. ಮೆಣಸಕ್ಕ ಎಂಬ ಹೆಸರು ಅವಳ ಕೈಕೆಳಗಿನ ಹೆಂಗಸರು ಇಟ್ಟದ್ದು. ಎದುರಿಗೆ ಹಾಗೆ ಕರೆಯುವಷ್ಟು ಗಟ್ಟಿಗುಂಡಿಗೆ ಅವರಲ್ಲಿ ಯಾರಿಗೂ ಇರಲಿಲ್ಲ, ಆದರೆ ಅವಳಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಈಗ ಅವಳು ಕೂತಿದ್ದದ್ದು ಮುಖ್ಯ ಕಚೇರಿಯ ಒಂದು ಪುಟ್ಟ ಕೋಣೆಯಲ್ಲಿ. ಎದುರಿಗೆ ಅವಳ ಮ್ಯಾನೇಜರು. ಯಾವುದನ್ನು ಕೇಳಿದರೂ ‘ಅದು ನನ್ನ ಗಮನದಲ್ಲಿದೆ’ ಎನ್ನುವ ಕಾರಣಕ್ಕೆ ಕಾರ್ಖಾನೆಯ ಇಡೀ ಮಂದಿಗೆ ಅವನು ಗಮನ ಸಾಹೇಬ. ಪಕ್ಕದಲ್ಲಿ ಸಿಬ್ಬಂದಿ ವಿಭಾಗದ ಮೇಡಂ, ಲ್ಯಾಪ್‌ಟಾಪ್ ತೆರೆದುಕೊಂಡು. ಆಕೆ ನಗುವವಳೂ ಅಲ್ಲ, ಸಿಡುಕುವವಳೂ ಅಲ್ಲ. ಅಂಥವರನ್ನು ಕಂಡರೆ ಮೆಣಸಕ್ಕನಿಗೆ ಆಗುತ್ತಿರಲಿಲ್ಲ, ಯಾವ ಕಡೆಯಿಂದ ಹಿಡಿಯಬೇಕೋ ತಿಳಿಯದು.

ಪರದೆಯ ಮೇಲಿನ ಮೊದಲ ಗೆರೆಗೆ ‘ಎರಡನೇ ಡ್ರೈಯರ್ ದುರಸ್ತಿ’ ಎಂದು ಹೆಸರು. ಅದು ಮೊದಲ ತಿಂಗಳು ಹೊರಟು, ಮೂರನೇ ತಿಂಗಳವರೆಗೆ ಬಂದು, ಪಕ್ಕನೆ ನಿಂತಿತ್ತು. ನಿಂತಲ್ಲಿ ಒಂದು ಹಸಿರು ಚುಕ್ಕೆ, ಅದರ ಕೆಳಗೆ ‘ಮುಗಿದಿದೆ’. ಎರಡನೇ ಗೆರೆ ‘ತೇವದ ಬಟ್ಟೆ ವಾಪಸ್’. ಅದು ಕೆಂಪು. ಆರೂ ತಿಂಗಳು ಬಿಡದೆ ಬಂದಿತ್ತು, ಬರುಬರುತ್ತಾ ದಪ್ಪವೂ ಆಗಿತ್ತು.

“ನೋಡಿ,” ಎಂದ ಗಮನ ಸಾಹೇಬ. ಅವನು ಕೋಪದಲ್ಲಿರಲಿಲ್ಲ. ಗೆದ್ದವನ ಸಮಾಧಾನದಲ್ಲಿದ್ದ, ಅದೇ ಮೆಣಸಕ್ಕನಿಗೆ ಹೆಚ್ಚು ಉರಿ ತಂದದ್ದು. “ನಾನು ಹೇಳ್ತಿಲ್ಲ, ನಮ್ಮ ಮೀಟಿಂಗ್‌ಗಳೇ ಹೇಳ್ತಿವೆ. ಮೊದಲು ನೀವು ಡ್ರೈಯರ್ ಕೆಟ್ಟಿದೆ ಅಂದ್ರಿ, ಸರಿ. ಆಮೇಲೆ ಆ ಮಾತೇ ಇಲ್ಲ. ಅಂದ್ರೆ ಆ ತೊಂದರೆ ಮುಗೀತು. ಬಟ್ಟೆ ಮಾತ್ರ ಇನ್ನೂ ಒದ್ದೆಯಾಗೇ ಹೋಗ್ತಿದೆ, ಆಸ್ಪತ್ರೆಯವರು ವಾಪಸ್ ಕಳಿಸ್ತಿದ್ದಾರೆ. ಹಾಗಾದ್ರೆ ತಪ್ಪು ಮೆಷಿನ್ನಿಂದಲ್ಲ, ಮೇಲೆ ನಿಂತು ನೋಡಬೇಕಾದವರದ್ದು.”

“ಮುಗೀತಾ?” ಮೆಣಸಕ್ಕ ಕುರ್ಚಿಯಿಂದ ಅರ್ಧ ಎದ್ದಳು. “ಯಾವ ಕಣ್ಣಲ್ಲಿ ನೋಡಿದ್ರಿ ಸಾರ್? ಅದು ಇವತ್ತಿಗೂ ಬಾಗಿಲು ತಕ್ಕೊಂಡು ಬಿದ್ದಿದೆ. ಒಳಗೆ ಜೇಡ ಸಂಸಾರ ಹೂಡಿದೆ!”

“ಹಾಗಾದ್ರೆ ಯಾಕೆ ಹೇಳ್ಲಿಲ್ಲ?”

“ಹೇಳ್ಲಿಲ್ವಾ? ಪ್ರತಿ ಸಲ ಹೇಳಿದ್ದೀನಿ! ಬಾಯಿ ಒಣಗೋ ತನಕ ಹೇಳಿದ್ದೀನಿ!”

ಸಾಹೇಬ ಹಸಿರು ಚುಕ್ಕೆಯ ಕಡೆಗೆ ಬೆರಳು ತೋರಿಸಿದ. ಒಂದು ಚುಕ್ಕೆ ಒಬ್ಬ ಹೆಂಗಸನ್ನು ಸುಳ್ಳುಗಾತಿ ಮಾಡಿ ಕೂರಿಸಬಹುದು ಎಂದು ಅವಳಿಗೆ ಅವತ್ತೇ ಗೊತ್ತಾದದ್ದು.

ವಿಷಯ ಇಷ್ಟೇ ಆಗಿದ್ದರೆ ಅವಳು ನಾಲ್ಕು ಮಾತು ಬೈದು ಎದ್ದು ಬರುತ್ತಿದ್ದಳೋ ಏನೋ. ಆದರೆ ಸಾಹೇಬ ಮುಂದಿನ ಹಾಳೆಯನ್ನೂ ತಯಾರು ಮಾಡಿಟ್ಟಿದ್ದ. ಮೇಲ್ವಿಚಾರಣೆಯಿಂದ ಬಿಡಿಸಿ ಅವಳನ್ನು ಕೊಳೆ ಬಟ್ಟೆ ವಿಂಗಡಿಸುವ ಕಡೆಗೆ ಹಾಕಬೇಕು ಎಂದು ಅದರಲ್ಲಿತ್ತು. ಅವಳು ಈ ಕಾರ್ಖಾನೆಗೆ ಬಂದಾಗ ಶುರು ಮಾಡಿದ್ದೇ ಅಲ್ಲಿ. ರಕ್ತ, ಕೀವು, ಔಷಧಿ ಮೆತ್ತಿದ ಹೊದಿಕೆಗಳನ್ನು ಬಿಡಿಸಿ ಬಿಡಿಸಿ ಬೆನ್ನು ಬಿದ್ದುಹೋದ ಮೇಲೆ, ಒಂದೊಂದೇ ಕೆಲಸ ಕಲಿತು, ಒಂದೊಂದೇ ಮೇಜು ದಾಟಿ ಈಚೆ ಬಂದಿದ್ದಳು. ತಾನು ಕೆಲಸ ಕಲಿಸಿದ ಹೆಂಗಸರ ಕಣ್ಣೆದುರಿಗೆ ಈಗ ಮತ್ತೆ ಅಲ್ಲಿಗೆ ಹೋಗುವುದೆಂದರೆ, ಅದಕ್ಕಿಂತ ಮನೆಯಲ್ಲಿ ಕೂರುವುದೇ ಲೇಸು. ಸಾಹೇಬನಿಗೆ ಬೇಕಾದದ್ದೂ ಅದೇ ಇರಬೇಕು.

“ಒಂದು ವಾರ ಕೊಡ್ತೀನಿ,” ಎಂದಳು ಸಿಬ್ಬಂದಿ ವಿಭಾಗದ ಮೇಡಂ, ಮೊದಲ ಸಲ ಬಾಯಿ ತೆರೆದು. “ನಿಮ್ಮ ಮೀಟಿಂಗ್‌ಗಳ ರೆಕಾರ್ಡಿಂಗು, ಅದರ ಬರಹ, ಎರಡೂ ನಿಮಗೂ ತೆರೆಯುತ್ತೆ. ಕೇಳಿ ನೋಡಿ. ಈ ಪಟ್ಟಿ ತಪ್ಪು ಅನ್ನೋದಾದ್ರೆ ಎಲ್ಲಿ ತಪ್ಪು ಅಂತ ತೋರಿಸಿ.”

“ಈ ಪಟ್ಟಿ ಮಾಡಿದ್ದು ಯಾರು ಮೇಡಂ?”

“ಸಿಸ್ಟಮ್ಮೇ ಮಾಡುತ್ತೆ. ನೀವು ಮಾತಾಡಿದ್ದನ್ನ ಬರಹ ಮಾಡುತ್ತೆ, ಯಾರು ಯಾವಾಗ ಏನಂದ್ರು ಅಂತ. ಆಮೇಲೆ ಒಂದೇ ಥರದ ಮಾತುಗಳನ್ನ ಒಂದು ವಿಷಯ ಅಂತ ಗುಂಪು ಮಾಡುತ್ತೆ. ಪ್ರತಿ ಮೀಟಿಂಗಿನಲ್ಲೂ ಆ ವಿಷಯ ಬಂತಾ ಅಂತ ಹುಡುಕುತ್ತೆ. ಸತತ ಮೂರು ಮೀಟಿಂಗಲ್ಲಿ ಬರದೇ ಇದ್ರೆ ಮುಗಿದಿದೆ ಅಂತ ಹಾಕುತ್ತೆ.”

“ಬರದೇ ಇದ್ರೆ ಮುಗಿದ ಹಾಗಾ?”

“ಸಾಮಾನ್ಯವಾಗಿ ಹಾಗೇನೇ,” ಎಂದಳು ಮೇಡಂ. “ಬೇರೆ ಥರ ಇದ್ರೆ ನಾನು ತಿದ್ದಬಹುದು. ಆದ್ರೆ ನಿಮ್ಮ ಬಾಯಿಮಾತಿನ ಮೇಲಲ್ಲ. ರೆಕಾರ್ಡಿಂಗಲ್ಲಿ ಇರಬೇಕು.”

ಈ ರೆಕಾರ್ಡಿಂಗಿನ ಕಥೆಯೂ ಹೇಳಿಬಿಡಬೇಕು. ಸಾಹೇಬನ ಕುರ್ಚಿ ಊರಿನ ಆ ತುದಿಯ ಮುಖ್ಯ ಕಚೇರಿಯಲ್ಲಿ, ಕಾರ್ಖಾನೆ ಈ ತುದಿಯಲ್ಲಿ. ಹದಿನೈದು ದಿನಕ್ಕೊಮ್ಮೆ ಮೆಣಸಕ್ಕ ಗೋದಾಮಿನ ಪಕ್ಕದ ಗಾಜಿನ ಗೂಡಿನೊಳಗೆ ಕೂತು, ಕಂಪ್ಯೂಟರಿನಲ್ಲಿ ಅವನ ಮುಖ ನೋಡಿಕೊಂಡು ಅರ್ಧ ಗಂಟೆ ಮಾತಾಡಬೇಕು. ಇಬ್ಬರೇ. ಶುರುವಾದ ಕೂಡಲೇ ‘ಈ ಸಭೆ ರೆಕಾರ್ಡ್ ಆಗುತ್ತಿದೆ’ ಎಂದು ಒಂದು ಸಾಲು ಬರುತ್ತಿತ್ತು. ಅವಳು ಅದನ್ನು ಬಸ್ಸಿನಲ್ಲಿ ಬರೆದಿರುವ ಸೂಚನೆಗಳಷ್ಟೇ ಲೆಕ್ಕಕ್ಕೆ ಇಟ್ಟಿದ್ದಳು. ಸಾಹೇಬ ಅಷ್ಟೂ ಇಟ್ಟಿರಲಿಲ್ಲ.

ಡ್ರೈಯರಿನ ಕಥೆ ಇನ್ನೂ ಚಿಕ್ಕದು. ಕಾರ್ಖಾನೆಯಲ್ಲಿ ಬಟ್ಟೆ ಒಣಗಿಸುವ ದೊಡ್ಡ ಮೆಷಿನ್ನುಗಳು ಎರಡು. ಎರಡನೆಯದರ ಉರುಳೆಯನ್ನು ಹೊರುವ ಬೇರಿಂಗ್ ಸವೆದುಹೋಗಿ, ತಿರುಗಿಸಿದರೆ ಕಲ್ಲು ಅರೆದ ಹಾಗೆ ಸದ್ದು. ಮೆಕ್ಯಾನಿಕ್ ಬಂದು, ಇನ್ನು ಓಡಿಸಿದರೆ ಉರುಳೆಯೇ ಕಳಚಿಕೊಳ್ಳುತ್ತದೆ ಎಂದು ಹೇಳಿ, ಸ್ವಿಚ್ಚಿಗೆ ಬೀಗ ಹಾಕಿ ಹೋದ. ಬೇರಿಂಗ್ ತರಿಸಲು ಸಾಹೇಬನ ಒಪ್ಪಿಗೆ ಬೇಕು. ಅಲ್ಲಿಂದೀಚೆಗೆ ಎರಡು ಮೆಷಿನ್ನಿನ ಬಟ್ಟೆ ಒಂದರಲ್ಲೇ ಒಣಗಬೇಕು. ತೆಳು ಚಾದರಗಳು ಹೇಗೋ ಒಣಗುತ್ತಿದ್ದವು. ದಪ್ಪ ಹೊದಿಕೆ, ಟವೆಲ್ಲುಗಳ ಹೊಟ್ಟೆಯೊಳಗೆ ತೇವ ಉಳಿದೇ ಬಿಡುತ್ತಿತ್ತು. ಮಡಿಸಿ ಗಂಟು ಕಟ್ಟಿದ ಮೇಲೆ ವಾಸನೆ, ಆಸ್ಪತ್ರೆಯಿಂದ ವಾಪಸ್, ಮತ್ತೆ ಒಗೆಯೋದು, ಮತ್ತೆ ಅದೇ ಒಂದು ಮೆಷಿನ್ನಿನ ಮುಂದೆ ಸಾಲು. ಬಂದು ಕಣ್ಣಾರೆ ನೋಡಿದವರಿಗೆ ಅರೆಗಳಿಗೆಯಲ್ಲಿ ತಿಳಿಯುವ ಸಂಗತಿ. ಸಾಹೇಬ ಬಂದೇ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಮೆಣಸಕ್ಕ ಮನೆಯ ಊಟದ ಮೇಜಿನ ಮೇಲೆ ಫೋನು ನಿಲ್ಲಿಸಿಕೊಂಡು ರೆಕಾರ್ಡಿಂಗ್ ಹಚ್ಚಿದಳು. ಅತ್ತೆ ಎದುರಿಗೆ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಗಂಡ, ಅವನು ಲಿಫ್ಟ್ ರಿಪೇರಿ ಮಾಡುವವನು, ಕಿಟಕಿಯ ಪಕ್ಕ ಕಾಲು ಚಾಚಿ ಮಲಗಿದ್ದ. ನಿದ್ದೆ ಬಂದಂತೆ ನಟಿಸುತ್ತಿದ್ದ, ಕಿವಿ ಇತ್ತಲೇ ಇತ್ತು.

ಮೊದಲ ಕೆಲವು ಮೀಟಿಂಗುಗಳಲ್ಲಿ ಅವಳ ಮಾತು ಸ್ಪಷ್ಟವಾಗಿತ್ತು. ‘ಸಾರ್, ಎರಡನೇ ಡ್ರೈಯರ್ ನಿಂತಿದೆ.’ ‘ಸಾರ್, ಡ್ರೈಯರ್ ಬೇರಿಂಗ್ ಯಾವಾಗ ಬರುತ್ತೆ?’ ಅದಕ್ಕೆ ಅವನ ಉತ್ತರ, ಅದು ನನ್ನ ಗಮನದಲ್ಲಿದೆ.

“ಯಾರೇ ಈ ಗಂಡಸು?” ಎಂದಳು ಅತ್ತೆ. “ಎಲ್ಲಾನೂ ಗಮನದಲ್ಲೇ ಇಟ್ಕೊಂಡಿದ್ದಾನೆ, ಒಂದನ್ನೂ ಹೊರಗೆ ತೆಗೆಯೋದಿಲ್ಲವಲ್ಲ.”

“ಇವನೇ ಅತ್ತೆ ನನ್ನನ್ನ ಕೊಳೆ ಬಟ್ಟೆಗೆ ಹಾಕ್ತಾನಂತೆ.”

“ಹಾಕಲಿ ಬಿಡು. ನಿನ್ನ ಬಾಯಿಗೆ ಒಂದಲ್ಲ ಒಂದಿನ ಹೀಗಾಗುತ್ತೆ ಅಂತ ನಾನು ಮದುವೆ ದಿನಾನೇ ಅಂದ್ಕೊಂಡಿದ್ದೆ.”

ಮೆಣಸಕ್ಕ ಮುಂದಿನ ರೆಕಾರ್ಡಿಂಗ್ ಹಚ್ಚಿದಳು. ಉತ್ತರ ಕೊಡುತ್ತಾ ಕೂತಿದ್ದರೆ ಅವತ್ತು ಕೇಳುವ ಕೆಲಸ ಆಗುತ್ತಿರಲಿಲ್ಲ.

ನಾಲ್ಕನೇ ತಿಂಗಳಿಗೆ ಬಂದಾಗ ಅವಳಿಗೆ ತನ್ನ ಮೇಲೇ ಅನುಮಾನ ಹುಟ್ಟಿತು. ಫೋನಿನಲ್ಲಿ ತನ್ನದೇ ದನಿ, ತನ್ನದೇ ಸಿಟ್ಟು. ‘ಸಾರ್, ಅದು ಏನಾಯ್ತು?’ ‘ಅದೇ ಸಾರ್, ನಿಮಗೆ ಗೊತ್ತಲ್ಲ.’ ‘ನೋಡಿ, ಮತ್ತೆ ಅದೇ ಕಥೆ, ನನ್ನ ಬಾಯಿಂದ ಹೇಳಿಸಬೇಡಿ.’ ಅವನದೂ ಅದೇ ರಾಗ. ‘ಹೌದು ಹೌದು, ಅದು ನನ್ನ ಗಮನದಲ್ಲಿದೆ, ಮುಂದಕ್ಕೆ ಹೋಗೋಣ.’ ಐದನೇ ತಿಂಗಳೂ ಅದೇ, ಆರನೆಯದೂ ಅದೇ. ಒಂದೇ ಒಂದು ಸಲವೂ ಆ ಮೆಷಿನ್ನಿನ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ.

“ಇದೇನು, ಗಂಡ ಹೆಂಡ್ತಿ ಜಗಳ ಆಡಿದ ಹಾಗೆ ಆಡ್ತೀರಲ್ಲೇ ಇಬ್ಬರೂ,” ಎಂದಳು ಅತ್ತೆ, ಹಲ್ಲಿನಿಂದ ದಾರ ಕತ್ತರಿಸುತ್ತಾ. “ಅದು ಅದು ಅದು. ಯಾವುದು ಅಂತ ಕೇಳೋರಿಗೆ ಹೇಗೆ ಗೊತ್ತಾಗಬೇಕು?”

ಕಿಟಕಿ ಪಕ್ಕದಿಂದ ಗಂಡ ಕಣ್ಣು ಬಿಟ್ಟ. “ಅಮ್ಮ ಹೇಳಿದ್ದು ಸರಿ ಕಣೇ. ಆ ಯಂತ್ರ ಏನು ನಿನ್ನ ಗಂಡನಾ, ‘ಅದು’ ಅಂದ ಕೂಡಲೇ ತಿಳ್ಕೊಳ್ಳೋಕೆ? ನೀನು ಡ್ರೈಯರ್ ಅಂತ ಅನ್ನಲಿಲ್ಲ, ಅದು ಡ್ರೈಯರ್ ಅಂತ ಬರ್ಕೊಳ್ಳಲಿಲ್ಲ.”

“ಅಲ್ಲಾ ರೀ, ನಾನ್ಯಾಕೆ ಅನ್ನೋದು ಬಿಟ್ಟೆ?”

“ನನ್ನ ಕೇಳಿದ್ರೆ? ಹಿಂದಕ್ಕೆ ಹೋಗಿ ಕೇಳು. ಕಡೇ ಸಲ ಎಲ್ಲಿ ಅಂದಿದ್ದೀಯ ನೋಡು.”

ಅವಳು ಹಿಂದಕ್ಕೆ ಹೋದಳು. ಗೆರೆ ನಿಂತ ಜಾಗ, ಮೂರನೇ ತಿಂಗಳ ಕೊನೆಯ ಮೀಟಿಂಗು. ಮೊದಲು ಕೇಳುವಾಗ ಅರ್ಧಕ್ಕೇ ಮುಂದಕ್ಕೆ ಓಡಿಸಿದ್ದಳು, ಯಾಕೆಂದರೆ ಆ ದಿನದ ಮಾತು ಅವಳಿಗೆ ಈಗಲೂ ಕೇಳಲಾಗುತ್ತಿರಲಿಲ್ಲ. ಈ ಸಲ ಓಡಿಸಲಿಲ್ಲ.

‘ಡ್ರೈಯರ್ ಡ್ರೈಯರ್ ಅಂತ ತಲೆ ತಿನ್ನಬೇಡ!’ ಸಾಹೇಬನ ದನಿ ಮನೆಯೊಳಗೆ ಗುಡುಗಿತು. ‘ಇನ್ನೊಂದು ಸಲ ಆ ಮಾತು ನಿನ್ನ ಬಾಯಲ್ಲಿ ಬಂದ್ರೆ ಮೀಟಿಂಗ್ ಕಟ್ ಮಾಡ್ತೀನಿ. ಕೇಳಿಸ್ತಾ? ಆ ಹೆಸರೇ ಎತ್ತಬೇಡ ನನ್ನ ಮುಂದೆ.’

ಆಮೇಲೆ ಅವಳ ದನಿ, ತಣ್ಣಗೆ. ‘ಆಯ್ತು ಸಾರ್. ಇನ್ನು ಎತ್ತಲ್ಲ.’

ಅವನ ಕೂಗು ಅವಳಿಗೆ ಮರೆತಿರಲಿಲ್ಲ, ಅದರಿಂದ ಹೆಸರು ಬಿಟ್ಟದ್ದು ಮಾತ್ರ ರೂಢಿಯಾಗಿ ಮರೆತಿತ್ತು, ಈಗ ನೆನಪಾಯಿತು. ಗಾಜಿನ ಗೂಡಿನ ಹೊರಗೆ ಹೆಂಗಸರು ಮಡಿಸುತ್ತಾ ನಿಂತಿದ್ದರು, ಅವನ ಕೂಗು ಅವರಿಗೂ ಕೇಳಿಸಿತ್ತು. ಅಷ್ಟು ವರ್ಷ ಬಹುವಚನದಲ್ಲಿ ಮಾತಾಡಿದವನು ಅವತ್ತು ನಿನ್ನ ನಿನ್ನ ಎಂದಿದ್ದ. ಅವಳು ಅವಮಾನ ನುಂಗಿಕೊಂಡಿದ್ದಳು, ಆದರೆ ಛಲಕ್ಕೆ ಬಿದ್ದಿದ್ದಳು. ಹೆಸರು ಬೇಡ ತಾನೇ? ಸರಿ, ಹೆಸರಿಲ್ಲದೆ ಕೇಳುತ್ತೇನೆ, ಪ್ರತಿ ಸಲ ಕೇಳುತ್ತೇನೆ, ನೀನೇ ನಾಚಿಕೆಯಿಂದ ಸಾಯಬೇಕು. ಹಾಗೆ ಅಂದುಕೊಂಡಿದ್ದಳು. ಅವನು ಸಾಯಲಿಲ್ಲ. ಅವಳ ಛಲವೇ ಅವಳ ಕುತ್ತಿಗೆಗೆ ಬಂದಿತ್ತು.

ಅತ್ತೆ ಗುಂಡಿ ಹೊಲಿಯುವುದನ್ನು ನಿಲ್ಲಿಸಿದ್ದಳು. “ಯಾರೇ ಅವನು ನಿನ್ನನ್ನ ಹಾಗೆ ಅನ್ನೋಕೆ?” ಎಂದಳು. “ನಾನೇ ನಿನ್ನನ್ನ ಹಾಗೆ ಒಂದಿನ ಅಂದವಳಲ್ಲ.” ಅದು ನಿಜವಲ್ಲ, ಹತ್ತು ಸಲ ಅಂದಿದ್ದಳು. ಆದರೂ ಅವತ್ತು ಅದನ್ನು ಕೇಳಿ ಮೆಣಸಕ್ಕನ ಕಣ್ಣು ತುಂಬಿಬಂತು.

ವಾರ ಮುಗಿದು ಮತ್ತೆ ಅದೇ ಪುಟ್ಟ ಕೋಣೆ. ಮೆಣಸಕ್ಕ ಪ್ರತಿ ಮೀಟಿಂಗಿನ ಬರಹದಲ್ಲೂ ತಾನು ‘ಅದು’ ಎಂದ ಜಾಗಗಳಿಗೆ ಗುರುತು ಹಾಕಿ ಮೇಡಂಗೆ ಮೊದಲೇ ಕಳಿಸಿದ್ದಳು. ಮೇಡಂ ಒಂದೊಂದಾಗಿ ಪರದೆಗೆ ತಂದಳು. ಸಿಸ್ಟಮ್ಮು ಅವನ್ನೆಲ್ಲ ‘ಇತರೆ’ ಎಂಬ ಮೂಲೆಗೆ ತಳ್ಳಿತ್ತು. ಹೆಸರಿಲ್ಲದ ಮಾತುಗಳೆಲ್ಲ ಹೋಗಿ ಬೀಳುವ ಜಾಗ ಅದು.

“ಇದು ಡ್ರೈಯರ್ ಬಗ್ಗೆ ಅಂತ ಯಾರು ಹೇಳಿದ್ದು?” ಎಂದ ಗಮನ ಸಾಹೇಬ. “ಆ ದಿನಗಳಲ್ಲಿ ಇವರು ಕೈಗವಸು ಸಾಲದು ಅಂತಾನೂ ಹೇಳ್ತಿದ್ರು. ‘ಅದು’ ಅಂದ್ರೆ ಕೈಗವಸು. ನನಗೆ ಚೆನ್ನಾಗಿ ನೆನಪಿದೆ.”

“ಕೈಗವಸು ಆ ತಿಂಗಳೇ ಬಂತಲ್ಲ ಸಾರ್. ಬಂದದ್ದಕ್ಕೆ ನಾನ್ಯಾಕೆ ಬಡ್ಕೋತೀನಿ?”

“ನಿಮಗೆ ಬಡ್ಕೊಳ್ಳೋಕೆ ಕಾರಣ ಬೇಕಾ?”

“ಇಬ್ಬರೂ ನಿಲ್ಲಿಸಿ,” ಎಂದಳು ಮೇಡಂ. “ಹಿಂದುಮುಂದಿನ ಸಾಲು ನೋಡೋಣ.” ಐದನೇ ತಿಂಗಳ ಒಂದು ಮೀಟಿಂಗು ತೆರೆದಳು. ಅಲ್ಲಿ ಮೆಣಸಕ್ಕ ‘ಅದು ಯಾವಾಗ ಸಾರ್’ ಎಂದಿದ್ದಳು, ಸಾಹೇಬ ಉತ್ತರಿಸಿದ್ದ. ಮೇಡಂ ಯಾವ ಭಾವವೂ ಇಲ್ಲದೆ ಅವನ ಮಾತನ್ನು ಓದಿದಳು. “‘ಅದಕ್ಕೆ ಬೇರಿಂಗ್ ಹೊರಗಿಂದ ಬರಬೇಕು, ನೋಡೋಣ.’ ಇದನ್ನ ಸಿಸ್ಟಮ್ಮು ಖರೀದಿ ಅನ್ನೋ ಗುಂಪಿಗೆ ಹಾಕಿದೆ.”

“ಕೈಗವಸಿಗೆ ಬೇರಿಂಗ್ ಯಾಕೆ ಸಾರ್?” ಎಂದಳು ಮೆಣಸಕ್ಕ. “ಬೆರಳು ಗಿರಗಿರ ತಿರುಗಲಿ ಅಂತಾನಾ?”

ಸಾಹೇಬನ ಮುಖ ಕೆಂಪೇರಿತು. ಮೇಡಂ ಮೂರನೇ ತಿಂಗಳ ರೆಕಾರ್ಡಿಂಗನ್ನೂ ಹಚ್ಚಿದಳು. ಕೂಗು ಮುಗಿಯುವ ತನಕ ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅವನಿಗೆ ಆ ಮಾತು ನಿಜವಾಗಿಯೂ ಮರೆತುಹೋಗಿತ್ತು ಎಂಬುದು ಮೆಣಸಕ್ಕನಿಗೆ ಕಂಡಿತು. ಅಂದವರಿಗೆ ಮರೆಯುತ್ತದೆ. ಮೂರು ತಿಂಗಳು ಅವಳ ನಿದ್ದೆ ಕೆಡಿಸಿದ ಮಾತು ಅವನಿಗೆ ನೆನಪಲ್ಲೂ ಉಳಿದಿರಲಿಲ್ಲ, ಇದಕ್ಕೆ ಅವಳಿಗೆ ಮೊದಲಿನದಕ್ಕಿಂತ ಹೆಚ್ಚು ಸಿಟ್ಟು ಬಂತು.

ಮೇಡಂ ‘ಇತರೆ’ಯಲ್ಲಿದ್ದವನ್ನು, ‘ಖರೀದಿ’ಯಲ್ಲಿದ್ದದ್ದನ್ನು ಆರಿಸಿ ಡ್ರೈಯರಿನ ವಿಷಯದೊಳಗೆ ಸೇರಿಸಿದಳು. ನಿಂತಿದ್ದ ಗೆರೆ ಎದ್ದು ಆರನೇ ತಿಂಗಳವರೆಗೂ ನಡೆಯಿತು. ಹಸಿರು ಚುಕ್ಕೆ ಹೋಗಿ ‘ಬಾಕಿ ಇದೆ’ ಎಂದಾಯಿತು.

ಇಷ್ಟಕ್ಕೇ ಮುಗಿಯಿತೆಂದು ಮೆಣಸಕ್ಕ ತಿಳಿದಳು. ಸಾಹೇಬ ಬಿಡಬೇಕಲ್ಲ. “ಸರಿ, ಆ ವಿಷಯ ಬಾಕಿ ಇದೆ ಅಂತಾನೇ ಇಟ್ಕೊಳ್ಳೋಣ,” ಎಂದ. “ಒಂದು ಮೆಷಿನ್ ಇದ್ರೂ ಒಳ್ಳೇ ಮೇಲ್ವಿಚಾರಕರು ಹೊಂದಿಸ್ಕೊಂಡು ಹೋಗ್ತಾರೆ. ವಾಪಸ್ ಬಂದ ಬಟ್ಟೆಗೆ ಇವರೇ ಜವಾಬ್ದಾರಿ. ಇನ್ನೆರಡು ತಿಂಗಳು ಪ್ರಗತಿ ನೋಡೋಣ, ಆಮೇಲೆ ತೀರ್ಮಾನ.” ಮೇಡಂ ಅವಳ ಕಡೆ ನೋಡಿ, ಇದು ಮ್ಯಾನೇಜರ ಅಧಿಕಾರ ಎಂದಳು. ಕೊಳೆ ಬಟ್ಟೆಯ ಹಾಳೆ ಹರಿಯಲಿಲ್ಲ, ಎರಡು ತಿಂಗಳು ಮುಂದಕ್ಕೆ ಹೋಯಿತು ಅಷ್ಟೇ.

ಆಮೇಲಿನ ಮೀಟಿಂಗುಗಳಲ್ಲಿ ಗಮನ ಸಾಹೇಬ ಬೇರೆಯೇ ಮನುಷ್ಯ. ಜೇನು ಸವರಿದ ಹಾಗೆ ಮಾತು. ಬಹುವಚನ ಮರಳಿ ಬಂದಿತ್ತು, ಅದರ ಮೇಲೆ ಇನ್ನಷ್ಟು ಮರ್ಯಾದೆ. ಕೂತ ಕೂಡಲೇ ತಾನೇ ಶುರು ಮಾಡುತ್ತಿದ್ದ. “ಮೊದಲು ಎರಡನೇ ಡ್ರೈಯರ್ ದುರಸ್ತಿ ವಿಷಯ ಚರ್ಚಿಸೋಣ. ಎರಡನೇ ಡ್ರೈಯರ್ ಬೇರಿಂಗ್ ಬಗ್ಗೆ ಮಾತುಕತೆ ನಡೀತಿದೆ. ಎರಡನೇ ಡ್ರೈಯರ್ ದುರಸ್ತಿಯಲ್ಲಿ ಒಳ್ಳೇ ಪ್ರಗತಿ ಇದೆ.” ಯಾವುದೋ ಮಗುವಿಗೆ ಅಕ್ಷರ ಕಲಿಸುವವನ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಮಗು ಯಾವುದು ಎಂದು ಮೆಣಸಕ್ಕನಿಗೆ ಗೊತ್ತಾಗಲು ತಡವಾಗಲಿಲ್ಲ. ಅವನು ಅವಳ ಜೊತೆ ಮಾತಾಡುತ್ತಲೇ ಇರಲಿಲ್ಲ. ಬರೆದುಕೊಳ್ಳುವ ಯಂತ್ರದ ಜೊತೆ ಮಾತಾಡುತ್ತಿದ್ದ.

ಯಂತ್ರ ನಂಬಿತು. ಪಟ್ಟಿಯಲ್ಲಿ ಡ್ರೈಯರಿನ ಗೆರೆ ಕಳೆಕಳೆಯಾಗಿ ಮುಂದೆ ಹೋಗುತ್ತಿತ್ತು, ಪಕ್ಕದಲ್ಲಿ ‘ಪ್ರಗತಿಯಲ್ಲಿದೆ’. ಕಾರ್ಖಾನೆಯಲ್ಲಿ ಡ್ರೈಯರಿನ ಬೀಗ ಹಾಗೇ ಇತ್ತು. ಬಟ್ಟೆ ವಾಪಸ್ ಬರುವುದೂ ಹಾಗೇ ಇತ್ತು, ಆ ಕೆಂಪು ಗೆರೆ ಮಾತ್ರ ಅವಳ ಹೆಸರಿಗೆ. ಎರಡು ತಿಂಗಳು ಕಳೆದು ಈ ಪಟ್ಟಿ ಪರದೆಯ ಮೇಲೆ ಬಂದರೆ ನೋಡಿದವರು ಏನಂದಾರು? ಮ್ಯಾನೇಜರು ದುಡಿಯುತ್ತಿದ್ದಾನೆ, ಈಕೆ ಮಲಗಿದ್ದಾಳೆ ಎಂದಾರು. ಮೊದಲು ಮಾತು ನಿಲ್ಲಿಸಿ ಅವಳನ್ನು ಸಿಕ್ಕಿಸಿದ್ದ, ಈಗ ಮಾತಾಡಿಯೇ ಸಿಕ್ಕಿಸುತ್ತಿದ್ದ.

ಸಿಟ್ಟಿನಲ್ಲಿ ಅವಳು ಎರಡು ಮೀಟಿಂಗು ಹಾಳು ಮಾಡಿಕೊಂಡಳು. ಸುಳ್ಳು ಹೇಳ್ತೀರಾ ಎಂದು ಕೂಗಿದಳು, ಅವನು ಮೃದುವಾಗಿ ನಕ್ಕ. ಪಟ್ಟಿಯಲ್ಲಿ ‘ಮಾತಿನ ರೀತಿ’ ಎಂದು ಒಂದು ಹೊಸ ಗೆರೆ ಹುಟ್ಟಿಕೊಂಡಿತು, ಅವಳ ಹೆಸರಿಗೇ. ಅದನ್ನು ಕಂಡ ದಿನ ಅವಳು ಹೆಂಗಸರ ಮೇಲೆಲ್ಲ ಹರಿಹಾಯ್ದಳು. ಆಮೇಲೆ ಗಾಜಿನ ಗೂಡಿನಲ್ಲಿ ಒಬ್ಬಳೇ ಕೂತು ಯೋಚಿಸಿದಳು. ಅವನು ಇಷ್ಟೆಲ್ಲ ಹೇಳಿದ್ದಾನೆ. ಏನು ಹೇಳಿಲ್ಲ?

ತೀರ್ಮಾನಕ್ಕೆ ಮೊದಲಿನ ಕೊನೆಯ ಮೀಟಿಂಗು ಬಂತು. ಸಾಹೇಬ ಗಂಟಲು ಸರಿಮಾಡಿಕೊಂಡು, “ಮೊದಲು ಎರಡನೇ ಡ್ರೈಯರ್ ದುರಸ್ತಿ—” ಎಂದು ತೊಡಗಿದ.

“ಸಾರ್, ಒಂದು ನಿಮಿಷ,” ಎಂದಳು ಮೆಣಸಕ್ಕ. ದನಿ ಏರಿಸಲಿಲ್ಲ. ಏರಿಸದೇ ಇರಲು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. “ಒಂದೇ ಪ್ರಶ್ನೆ. ಹೌದು ಅನ್ನಿ, ಇಲ್ಲ ಅನ್ನಿ. ಎರಡನೇ ಡ್ರೈಯರ್ ಇವತ್ತು ತಿರುಗ್ತಾ ಇದೆಯಾ?”

“ಅದರಲ್ಲಿ ಒಳ್ಳೇ ಪ್ರಗತಿ—”

“ಪ್ರಗತಿ ಕೇಳಲಿಲ್ಲ ಸಾರ್. ತಿರುಗ್ತಿದೆಯಾ, ಇಲ್ವಾ?”

“ನೋಡಿ, ಮಾತುಕತೆ ನಡೀತಿದೆ ಅಂತ ಹೇಳಿದ್ನಲ್ಲ.”

“ಹೇಳಿದ್ರಿ. ಎರಡನೇ ಡ್ರೈಯರ್ ತಿರುಗ್ತಿದೆಯಾ?”

ಅವನು ಪರದೆಯ ಮೂಲೆಯಲ್ಲಿ ಮಿನುಗುತ್ತಿದ್ದ ರೆಕಾರ್ಡಿಂಗಿನ ಕೆಂಪು ಚುಕ್ಕೆಯ ಕಡೆ ನೋಡಿದ. ಅವಳೂ ನೋಡಿದಳು. ಹೌದು ಎಂದರೆ ಹಸಿ ಸುಳ್ಳು, ಯಾರು ಬೇಕಾದರೂ ಹೋಗಿ ನೋಡಿ ಬರಬಹುದು. ಉತ್ತರ ಕೊಡದೆ ಹೋದರೆ ಅದೂ ಬರಹದಲ್ಲಿ ಉಳಿಯುತ್ತದೆ, ಅವಳ ಪ್ರಶ್ನೆ ಮೇಲಿಂದ ಮೇಲೆ, ಅವನ ನುಣುಚಾಟ ಮೇಲಿಂದ ಮೇಲೆ. ಅಷ್ಟು ದಿನ ಯಂತ್ರಕ್ಕೆ ಪಾಠ ಹೇಳಿದವನಿಗೆ ಇದು ಅವಳಿಗಿಂತ ಚೆನ್ನಾಗಿ ಗೊತ್ತಿತ್ತು.

“ಇಲ್ಲ,” ಎಂದ.

“ಬಂದು ನೋಡಿದ್ದೀರಾ ಸಾರ್?”

“ಇಲ್ಲ.”

“ಬೇರಿಂಗ್ ತರಿಸೋಕೆ ಬರೆದು ಕೊಟ್ಟಿದ್ದೀರಾ?”

“ಇನ್ನೂ ಇಲ್ಲ.”

“ಒಂದೇ ಮೆಷಿನ್ ಇದ್ರೆ ದಪ್ಪ ಬಟ್ಟೆ ಒಣಗೋಕೆ ಹೊತ್ತು ಸಾಲುತ್ತಾ?”

“ನಿನಗೆ ಏನು ಬೇಕು?” ಎಂದ ಅವನು. ಜೇನೆಲ್ಲ ಇಳಿದುಹೋಗಿತ್ತು. “ನನ್ನ ಕುರ್ಚಿ ಬೇಕಾ?”

“ಬೇಡ ಸಾರ್. ನನ್ನ ಕೆಲಸ ನನಗೆ ಬೇಕು. ಸಾಲುತ್ತಾ?”

“ಸಾಲಲ್ಲ,” ಎಂದು ಅವನು ಮೀಟಿಂಗು ಮುಚ್ಚಿದ.

ತೀರ್ಮಾನದ ದಿನ ಮೇಡಂ ಆ ಸಭೆಯೂ ರೆಕಾರ್ಡ್ ಆಗುವಂತೆ ಮಾಡಿ ಪಟ್ಟಿ ತೆರೆದಳು. ಡ್ರೈಯರಿನ ಗೆರೆಯ ಪಕ್ಕದಲ್ಲಿ ಅದೇ ‘ಪ್ರಗತಿಯಲ್ಲಿದೆ’. ಸಾಹೇಬ ಬಾಯಿ ತೆರೆಯುವ ಮೊದಲೇ ಆಕೆ ಆ ಗೆರೆಯ ಕೆಳಗಿನ ಮಾತುಗಳನ್ನು ಬಿಚ್ಚಿದಳು. ಮೊದಲು ಪ್ರಗತಿಯ ಮಾತುಗಳು, ಸಾಲಾಗಿ, ಒಂದರ ಪಡಿಯಚ್ಚು ಇನ್ನೊಂದು. ಕೊನೆಯಲ್ಲಿ ನಾಲ್ಕು ಉತ್ತರಗಳು. ಆಕೆ ಅವನ್ನು ಓದಿ ಹೇಳಲಿಲ್ಲ, ಎಲ್ಲರೂ ಓದಲಿ ಎಂದು ಸುಮ್ಮನೆ ಬಿಟ್ಟಳು. ಆಮೇಲೆ ‘ಪ್ರಗತಿಯಲ್ಲಿದೆ’ಯನ್ನು ಅಳಿಸಿ ‘ಶುರುವಾಗಿಲ್ಲ’ ಎಂದು ಬರೆದಳು.

“ಈಗ ಈ ಕೆಂಪು ಗೆರೆ,” ಎಂದಳು. “ತೇವದ ಬಟ್ಟೆ ವಾಪಸ್. ಪ್ರತಿ ವಿಷಯಕ್ಕೂ ಒಬ್ಬರು ಜವಾಬ್ದಾರರು ಇರಬೇಕು, ಮುಂದಿನ ತಿಂಗಳು ನಾನು ಕೇಳೋದು ಅವರನ್ನ. ಇಲ್ಲಿ ಇವರ ಹೆಸರಿದೆ.” ಸಾಹೇಬನ ಕಡೆ ತಿರುಗಿದಳು. “ಒಣಗೋಕೆ ಹೊತ್ತು ಸಾಲಲ್ಲ ಅಂತ ನೀವೇ ಹೇಳಿದ್ದೀರಿ. ಬೇರಿಂಗಿಗೆ ಇನ್ನೂ ಬರೆದು ಕೊಟ್ಟಿಲ್ಲ ಅಂತಾನೂ ನೀವೇ ಹೇಳಿದ್ದೀರಿ. ಯಾರ ಹೆಸರು ಹಾಕಲಿ?”

ಸಾಹೇಬ ಕಿಟಕಿಯ ಕಡೆ ನೋಡಿದ, ತನ್ನ ಹಾಳೆಯ ಕಡೆ ನೋಡಿದ. ಕೊಳೆ ಬಟ್ಟೆಯ ಹಾಳೆ ಅದು, ಸಹಿಗೆ ಸಿದ್ಧವಾಗಿತ್ತು, ಆದರೆ ಕೆಂಪು ಗೆರೆ ಅವಳ ಹೆಸರಿನಲ್ಲಿದ್ದರಷ್ಟೇ ಅದಕ್ಕೆ ಬೆಲೆ. ಮೆಣಸಕ್ಕನ ತುದಿನಾಲಗೆಗೆ ಹತ್ತು ಮಾತು ಬಂದು ನಿಂತವು, ಒಂದಕ್ಕಿಂತ ಒಂದು ಖಾರ. ಜೀವಮಾನದಲ್ಲೇ ಮೊದಲ ಸಲ ಅವಳು ಎಲ್ಲವನ್ನೂ ನುಂಗಿದಳು, ಯಾಕೆಂದರೆ ತಾನು ಬಾಯಿ ಬಿಟ್ಟರೆ ಅವನಿಗೆ ಉತ್ತರ ತಪ್ಪಿಸಲು ದಾರಿಯಾಗುತ್ತದೆ.

“ಯಾರ ಹೆಸರು?” ಎಂದಳು ಮೇಡಂ ಮತ್ತೆ.

“ನನ್ನದು,” ಎಂದ ಅವನು. ಅಷ್ಟು ಮೆಲ್ಲಗೆ ಅಂದದ್ದರಿಂದ, ರೆಕಾರ್ಡಿಂಗಿನಲ್ಲಿ ಬಂದಿರಲಿಕ್ಕಿಲ್ಲವೆಂದು ಮೇಡಂ ಅವನಿಂದ ಇನ್ನೊಂದು ಸಲ ಹೇಳಿಸಿದಳು.